ಕುಂಡದ ಗಿಡಕ್ಕೆ ಟ್ರೈಕೋಡರ್ಮಾ: ಯಾವಾಗ, ಎಷ್ಟು, ಎಲ್ಲಿಯವರೆಗೆ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆ ತಾರಸಿಯಲ್ಲಿ 12 ಇಂಚಿನ ಹತ್ತು ಗ್ರೋ ಬ್ಯಾಗ್‌ಗಳಲ್ಲಿ ಟೊಮೆಟೊ, ಮೆಣಸಿನಕಾಯಿ ಬೆಳೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಮೂರು ಗಿಡ ಸೊರಗಿ ಸತ್ತವು. ಈಗ ಇನ್ನೊಂದು ಟೊಮೆಟೊ ಗಿಡ ಮಧ್ಯಾಹ್ನ ಜೋತು ಬೀಳುತ್ತಿದೆ. ಅಂಗಡಿಯವರು ಒಂದು ಕಿಲೋ ಟ್ರೈಕೋಡರ್ಮಾ ಪುಡಿ, ಅರ್ಧ ಕಿಲೋ ಸುಡೋಮೋನಾಸ್ ಕೊಟ್ಟು "ಕುಂಡಕ್ಕೆ ಒಂದೊಂದು ಚಮಚ ಹಾಕಿ" ಎಂದರು. ನೆಂಟರೊಬ್ಬರು ತಿಂಗಳಿಗೊಮ್ಮೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿಯಿರಿ ಎನ್ನುತ್ತಾರೆ. ಎರಡೂ ಮಾಡಬಹುದೇ? ಈ ಗಿಡ ಉಳಿಯುತ್ತದೆಯೇ? ಸರಿಯಾದ ಪ್ರಮಾಣ ಎಷ್ಟು?

ಉತ್ತರ: ಟ್ರೈಕೋಡರ್ಮಾ ಎಂದರೆ ರೋಗದ ಶಿಲೀಂಧ್ರಗಳನ್ನು ತಿನ್ನುವ ಉಪಕಾರಿ ಶಿಲೀಂಧ್ರ, ಆದರೆ ಜೋತು ಬಿದ್ದ ಆ ಗಿಡವನ್ನು ಅದು ಉಳಿಸುವುದಿಲ್ಲ. ರೋಗದ ಶಿಲೀಂಧ್ರ ಬೇರಿನ ಒಳಗೆ ಸೇರಿ ನೀರಿನ ನಾಳ ಕಟ್ಟಿದ ಮೇಲೆ, ಹೊರಗೆ ಮಣ್ಣಿಗೆ ಹಾಕಿದ ಪುಡಿ ಅಲ್ಲಿಗೆ ತಲುಪುವ ಹೊತ್ತಿಗೆ ಗಿಡದ ಕತೆ ಮುಗಿದಿರುತ್ತದೆ. ಈ ಪುಡಿಯ ಕೆಲಸ ಇರುವುದು ಮುಂದಿನ ಸಸಿ ನೆಡುವ ಮೊದಲಿನ ಎರಡು ವಾರದಲ್ಲಿ. ಆದರೆ ಅದಕ್ಕೂ ಮುಂಚೆ, ಗಿಡ ಯಾವುದರಿಂದ ಸಾಯುತ್ತಿದೆ ಎಂದು ನೋಡಲೇಬೇಕು. ಕೆಲವು ಸೊರಗು ರೋಗಗಳಿಗೂ ಟ್ರೈಕೋಡರ್ಮಾಕ್ಕೂ ಸಂಬಂಧವೇ ಇಲ್ಲ.

ಆ ಟೊಮೆಟೊ ಗಿಡವನ್ನೇ ಕಿತ್ತು ಪರೀಕ್ಷಿಸಿ. ಬುಡದಿಂದ ಒಂದು ಗೇಣು ಮೇಲಕ್ಕೆ ಕಾಂಡವನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಆ ತುಂಡಿನ ಕೆಳತುದಿ ನೀರಿಗೆ ಬರಿಯ ಮುಟ್ಟುವಂತೆ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಅಲ್ಲಾಡಿಸದೆ ಇಳಿಬಿಡಿ. ಬೆಳಕಿಗೆ ಎದುರಾಗಿ ಹಿಡಿದು ಐದು ನಿಮಿಷ ನೋಡಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಹೊಗೆಯ ಹಾಗೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಎಲೆ ಹಳದಿಯಾಗದೆ ಹಸಿರಾಗಿದ್ದಾಗಲೇ ಗಿಡ ಎರಡು ಮೂರು ದಿನದಲ್ಲಿ ಕುಸಿದಿದ್ದರೆ ಈ ಅನುಮಾನ ಇನ್ನೂ ಗಟ್ಟಿ. ಇದಕ್ಕೆ ಟ್ರೈಕೋಡರ್ಮಾ ಮದ್ದಲ್ಲ. ಸುಡೋಮೋನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಸ್ವಲ್ಪ ತಡೆಯಬಹುದು, ಆದರೆ ಅದೊಂದನ್ನೇ ನಂಬಿಕೊಂಡು ಅದೇ ಮಣ್ಣಿನಲ್ಲಿ ಮತ್ತೆ ಟೊಮೆಟೊ ನೆಡಬೇಡಿ. ಆ ಚೀಲದ ಮಣ್ಣನ್ನು ಕಾಂಪೋಸ್ಟ್ ಗುಂಡಿಗೂ ಸುರಿಯದೆ ಪೂರ್ತಿ ಹೊರಹಾಕಿ, ಕತ್ತರಿ, ಬ್ಲೇಡು ತೊಳೆದು ಒಣಗಿಸಿ. ಹೊಸ ಮಿಶ್ರಣದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್‌ನಂಥ, ಈ ರೋಗಕ್ಕೆ ನಿರೋಧಕ ಶಕ್ತಿಯಿರುವ ತಳಿ ಹಾಕುವುದೇ ದಾರಿ.

ಲೋಟದ ನೀರು ತಿಳಿಯಾಗಿಯೇ ಉಳಿದರೆ ಬುಡ ಮತ್ತು ಬೇರು ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡಕ್ಕೆ ಬಿಳಿ ಹತ್ತಿಯಂಥ ಬೂಸ್ಟು ಸುತ್ತಿಕೊಂಡು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳಿದ್ದರೆ ಅದು ಸ್ಕ್ಲೆರೋಶಿಯಂ ಬುಡ ಕೊಳೆ. ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಮೇಲಿನ ಸಿಪ್ಪೆ ಕೊಳೆತು ಜಾರಿ ಒಳಗಿನ ದಾರ ಮಾತ್ರ ಉಳಿದರೆ ಪಿಥಿಯಂ ಜಾತಿಯ ಬೇರು ಕೊಳೆ, ಅಂದರೆ ಚೀಲದಲ್ಲಿ ನೀರು ನಿಂತಿದೆ. ಕಾಂಡವನ್ನು ಉದ್ದಕ್ಕೆ ಸೀಳಿದಾಗ ಸಿಪ್ಪೆಯ ಕೆಳಗೆ ಕಂದು ಗೆರೆ ಕಂಡು, ಕೆಳಗಿನ ಎಲೆಗಳು ಒಂದೇ ಪಕ್ಕದಲ್ಲಿ ಮೊದಲು ಹಳದಿಯಾಗಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗ. ಟ್ರೈಕೋಡರ್ಮಾ ನೆರವಿಗೆ ಬರುವುದು ಈ ಮೂರಕ್ಕೆ, ಮತ್ತು ಸಸಿಗಳ ಕತ್ತು ಕೊಳೆತು ಮಲಗುವ ರೋಗಕ್ಕೆ. ಬೇರಿನಲ್ಲಿ ಗಂಟುಗಂಟಾಗಿದ್ದರೆ ಅದು ಜಂತುಹುಳು, ಬೇರೆಯೇ ಸಮಸ್ಯೆ. ಮೆಣಸಿನ ಎಲೆ ಮುಟುರಿಕೊಂಡರೆ ನುಸಿ, ಥ್ರಿಪ್ಸ್ ಅಥವಾ ವೈರಸ್. ಮಣ್ಣಿಗೆ ಏನು ಹಾಕಿದರೂ ಅದು ಹೋಗುವುದಿಲ್ಲ.

ನಿಮ್ಮ ಗಿಡದಲ್ಲಿ ಬುಡ ಕೊಳೆಯೋ ಬೇರು ಕೊಳೆಯೋ ಕಂಡಿತು ಎಂದುಕೊಂಡು ಮುಂದೆ ಹೋಗುತ್ತೇನೆ. ಮಳೆಗಾಲದಲ್ಲಿ ಚೀಲದ ಗಿಡಗಳನ್ನು ಹೆಚ್ಚಾಗಿ ಕಾಡುವುದು ಇವೇ.

ಟ್ರೈಕೋಡರ್ಮಾ ವಿಷವಲ್ಲ, ಅದೂ ಒಂದು ಶಿಲೀಂಧ್ರ. ರೋಗದ ಶಿಲೀಂಧ್ರಕ್ಕಿಂತ ಬೇಗ ಬೆಳೆದು ಜಾಗ ಮತ್ತು ಆಹಾರ ಹಿಡಿದುಕೊಳ್ಳುತ್ತದೆ. ಎದುರು ಸಿಕ್ಕ ಶತ್ರುವಿನ ಎಳೆಗಳನ್ನು ಸುತ್ತಿಕೊಂಡು, ಅದರ ಗೋಡೆ ಕರಗಿಸುವ ಕಿಣ್ವ ಬಿಟ್ಟು ತಿನ್ನುತ್ತದೆ. ಬೇರಿನ ಮೇಲೆ ನೆಲೆಸಿದಾಗ ಗಿಡವೇ ತನ್ನ ರಕ್ಷಣೆಯನ್ನು ಚುರುಕು ಮಾಡಿಕೊಳ್ಳುವಂತೆಯೂ ಮಾಡುತ್ತದೆ. ಇದೆಲ್ಲ ನಡೆಯಬೇಕಾದರೆ ಅದು ಜೀವಂತವಾಗಿರಬೇಕು, ತಿನ್ನಲು ಸಾವಯವ ವಸ್ತು, ಉಸಿರಾಡಲು ಗಾಳಿ ಇರಬೇಕು, ಮತ್ತು ಶತ್ರುವಿಗಿಂತ ಮೊದಲು ಅಲ್ಲಿ ಕೂತಿರಬೇಕು. ಪ್ರಮಾಣದ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

"ಒಂದು ಚಮಚ" ಯಾಕೆ ಸಾಲದು ಎಂದು ನೋಡಿ. ನಮ್ಮಲ್ಲಿ ಸಿಗುವ, ಟಾಲ್ಕ್‌ನಲ್ಲಿ ಬೆರೆಸಿದ ಟ್ರೈಕೋಡರ್ಮಾ ಪುಡಿಯ ಲೇಬಲ್ ಮೇಲೆ ಸಾಮಾನ್ಯವಾಗಿ ಗ್ರಾಂಗೆ 2×10⁶ ಸಿ.ಎಫ್.ಯು. ಎಂದಿರುತ್ತದೆ, ಅಂದರೆ ಒಂದು ಗ್ರಾಂನಲ್ಲಿ ಮೊಳೆಯಬಲ್ಲ ಇಪ್ಪತ್ತು ಲಕ್ಷ ಕಣಗಳು. ಚಮಚಕ್ಕೆ ಐದು ಗ್ರಾಂ ಹಿಡಿದರೆ ಒಂದು ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ನಿಮ್ಮ ಚೀಲದಲ್ಲಿ ಸುಮಾರು 15 ಲೀಟರ್, ಅಂದರೆ ಒಂಬತ್ತು ಕಿಲೋದಷ್ಟು ಮಿಶ್ರಣ ಇರುತ್ತದೆ. ಹಂಚಿದರೆ ಗ್ರಾಂ ಮಣ್ಣಿಗೆ ಸಾವಿರದಷ್ಟು ಮಾತ್ರ. ಅದೂ ಮೇಲ್ಪದರದಲ್ಲಿ ಬಿದ್ದು, ಬಿಸಿಲಿಗೆ ಒಣಗಿ, ಬೇರಿರುವ ಆಳಕ್ಕೆ ಹೋಗದೆ ಉಳಿಯುತ್ತದೆ. ಬರೀ ಕೋಕೋಪೀಟ್ ತುಂಬಿದ ಚೀಲವಾದರೆ ತಿನ್ನಲು ಸುಲಭದ ಆಹಾರವೂ ಇಲ್ಲ. ಹಾಗೆಂದು ಐವತ್ತು ಗ್ರಾಂ ಸುರಿದರೆ ಟಾಲ್ಕ್ ಮೇಲೆ ಪದರ ಕಟ್ಟುತ್ತದೆ, ದುಡ್ಡು ಹಾಳು. ಪುಡಿಯನ್ನು ಹೆಚ್ಚಿಸುವ ಬದಲು ಗೊಬ್ಬರದಲ್ಲಿ ಶಿಲೀಂಧ್ರವನ್ನೇ ಬೆಳೆಸಿ, ಬೆಳೆದದ್ದನ್ನು ಚೀಲಕ್ಕೆ ಹಾಕಬೇಕು. ಕರಿಮೆಣಸು, ಅಡಿಕೆ ತೋಟದವರು ಮಾಡುವುದೂ ಇದನ್ನೇ: ನೂರು ಕಿಲೋ ಗೊಬ್ಬರ, ಬೇವಿನ ಹಿಂಡಿಗೆ ಒಂದೆರಡು ಕಿಲೋ ಪುಡಿ.

ಹತ್ತು ಚೀಲಕ್ಕೆ ಅದನ್ನು ಇಳಿಸಿದರೆ ಹೀಗಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 25 ಕಿಲೋ, ಬೇವಿನ ಹಿಂಡಿ ಎರಡೂವರೆ ಕಿಲೋ, ಟ್ರೈಕೋಡರ್ಮಾ 250 ಗ್ರಾಂ. "ಚೆನ್ನಾಗಿ ಕಳಿತ" ಎನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿ ಸಗಣಿಯ ರಾಶಿ ಒಳಗೊಳಗೇ ಬಿಸಿಯೇರಿ ಐವತ್ತು ಡಿಗ್ರಿ ದಾಟುತ್ತದೆ. ಟ್ರೈಕೋಡರ್ಮಾಕ್ಕೆ ಹಿತವಾದದ್ದು 25ರಿಂದ 30 ಡಿಗ್ರಿ, 35ರ ಮೇಲೆ ಬೆಳವಣಿಗೆ ಕುಗ್ಗುತ್ತದೆ. ರಾಶಿಯೊಳಗೆ ಕೈ ಹಾಕಿದಾಗ ಬಿಸಿ ತಾಗಬಾರದು, ಸಗಣಿ ವಾಸನೆ ಬರಬಾರದು.

ಹಿಂಡಿಯನ್ನು ಪುಡಿ ಮಾಡಿ ಗೊಬ್ಬರದಲ್ಲಿ ಕಲಸಿ. ಟ್ರೈಕೋಡರ್ಮಾವನ್ನು ಮೊದಲು ಎರಡು ಮುಷ್ಟಿ ಗೊಬ್ಬರದಲ್ಲಿ ಬೆರೆಸಿಕೊಂಡು ಆಮೇಲೆ ಇಡೀ ರಾಶಿಗೆ ಬೆರೆಸಿದರೆ ಸಮನಾಗಿ ಹರಡುತ್ತದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಉಬ್ಬಸ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ನಂತರ ನೀರು ಚಿಮುಕಿಸುತ್ತಾ ತಿರುವಿ. ಹಿಡಿಯಷ್ಟು ತೆಗೆದು ಬಿಗಿಯಾಗಿ ಹಿಸುಕಿದರೆ ಉಂಡೆಯಾಗಬೇಕು, ಆದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಮಳೆ, ಬಿಸಿಲು ಬೀಳದ ಜಾಗದಲ್ಲಿ ಮುಕ್ಕಾಲು ಅಡಿ ಎತ್ತರಕ್ಕೆ ಹರಡಿ, ಒದ್ದೆ ಗೋಣಿಚೀಲ ಮುಚ್ಚಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಮುಚ್ಚಿದರೆ ಗಾಳಿಯಾಡದೆ ಕೊಳೆಯುತ್ತದೆ.

ನಾಲ್ಕೈದನೇ ದಿನಕ್ಕೆ ಗೋಣಿ ಎತ್ತಿ ನೋಡಿದರೆ ಹಿಂಡಿಯ ಚೂರುಗಳ ಮೇಲೆ ಬಿಳಿ ಜೇಡರ ಬಲೆಯಂಥ ಎಳೆ ಕಾಣುತ್ತದೆ. ಇನ್ನೆರಡು ಮೂರು ದಿನಕ್ಕೆ ಅಲ್ಲಲ್ಲಿ ಹಸಿರು ತಿರುಗುತ್ತದೆ, ಅವು ಹೊಸ ಬೀಜಕಣಗಳು. ಏಳನೇ ದಿನ ಒಮ್ಮೆ ತಿರುವಿ, ಒಣಗಿದ್ದರೆ ನೀರು ಚಿಮುಕಿಸಿ ಮತ್ತೆ ಮುಚ್ಚಿ. ಹನ್ನೆರಡರಿಂದ ಹದಿನೈದನೇ ದಿನಕ್ಕೆ ಮಳೆ ಬಿದ್ದ ನೆಲದ ವಾಸನೆ ಬಂದರೆ ತಯಾರಾದಂತೆ. ಕೊಳೆತ ನಾತ ಬಂದರೆ ನೀರು ಹೆಚ್ಚಾಗಿದೆ. ತೆಳ್ಳಗೆ ಹರಡಿ ಆರಿಸಿ. ಕಪ್ಪು ಬೂಸ್ಟು ಜಾಸ್ತಿಯಾಗಿದ್ದರೆ ಅದು ಬೇರೆ ಶಿಲೀಂಧ್ರ. ಬೆಲ್ಲದ ನೀರು ಹಾಕುವ ರೂಢಿ ಕೆಲವರಲ್ಲಿದೆ. ಹಿಂಡಿ ಇರುವಾಗ ಅದು ಬೇಕಿಲ್ಲ, ಸಿಹಿಗೆ ಮೊದಲು ಓಡಿ ಬರುವುದು ಬೇಡದ ಬೂಸ್ಟುಗಳೇ. ಮನೆಯಲ್ಲಿ ಅಣಬೆ ಬೆಳೆಯುವವರಿದ್ದರೆ ಈ ರಾಶಿಯನ್ನು ಅವರ ಚೀಲಗಳ ಹತ್ತಿರ ತರಲೇಬೇಡಿ. ಅಣಬೆ ಬೆಳೆಗಾರರು ಭಯಪಡುವ ಹಸಿರು ಬೂಸ್ಟು ಇದೇ ಕುಲದ್ದು.

ಈ ಗೊಬ್ಬರ ಚೀಲಕ್ಕೆ ಎರಡೂವರೆ ಕಿಲೋದಂತೆ ಬರುತ್ತದೆ. ಬೇರು ಓಡಾಡುವ ಆಳಕ್ಕೆಲ್ಲ ಸೇರುವಂತೆ ಇಡೀ ಮಿಶ್ರಣದಲ್ಲಿ ಕಲಸಿ, ಸಸಿ ನೆಡುವ ವೇಳೆಗೆ ಒಂದು ಹಿಡಿಯನ್ನು ಗುಳಿಗೇ ಹಾಕಿ. ಹಳೇ ಮಣ್ಣನ್ನೇ ಮತ್ತೆ ಬಳಸುವುದಾದರೆ, ಬೇಸಿಗೆಯಲ್ಲಿ ಅದನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ತೆಳುವಾಗಿ ಹರಡಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಆ ಬಿಸಿಗೆ ರೋಗಾಣುಗಳು ಕಡಿಮೆಯಾಗಿ ಜಾಗ ಖಾಲಿಯಾಗುತ್ತದೆ. ಆಗ ಟ್ರೈಕೋಡರ್ಮಾ ಗೊಬ್ಬರ ಸೇರಿಸಿದರೆ ಅದು ಬೇಗ ಹರಡುತ್ತದೆ. ತುಂಬಿದ ಮನೆಯಲ್ಲಿ ಜಾಗ ಹುಡುಕುವುದಕ್ಕೂ ಖಾಲಿ ಮನೆ ಹಿಡಿಯುವುದಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲಿದೆ.

ಸುಡೋಮೋನಾಸ್ ಅನ್ನು ಇದೇ ರಾಶಿಗೆ ಬೆರೆಸಬೇಡಿ. ಒಂದೇ ತಯಾರಕರು ಒಟ್ಟಿಗೆ ಇರಬಲ್ಲ ತಳಿಗಳನ್ನು ಆರಿಸಿ ಕೊಟ್ಟ ಮಿಶ್ರಣವಾದರೆ ಸರಿ. ಬೇರೆ ಬೇರೆ ಪ್ಯಾಕೆಟ್‌ಗಳನ್ನು ನಾವೇ ಕಲಸಿದರೆ ಕೆಲವು ಸುಡೋಮೋನಾಸ್ ತಳಿಗಳು ಟ್ರೈಕೋಡರ್ಮಾ ಬೆಳೆಯುವುದನ್ನು ತಡೆಯುತ್ತವೆ. ಆದ್ದರಿಂದ ಕೆಲಸ ಹಂಚಿಕೊಡಿ: ಟ್ರೈಕೋಡರ್ಮಾ ಗೊಬ್ಬರಕ್ಕೆ, ಸುಡೋಮೋನಾಸ್ ಸಸಿಯ ಬೇರಿಗೆ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಸುಡೋಮೋನಾಸ್ ಕದಡಿ, ಸಸಿಯ ಬೇರನ್ನು ಹದಿನೈದು ಇಪ್ಪತ್ತು ನಿಮಿಷ ಅದ್ದಿಟ್ಟು ಸಂಜೆ ನೆಡಿ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಬಾಯಿ ತೆರೆದ ಬಕೆಟ್‌ನಲ್ಲಿ ಹಿಡಿದಿಡಿ, ಕ್ಲೋರಿನ್ ಇಳಿಯಲಿ. ಸುಡೋಮೋನಾಸ್ ಬೀಜಕಣ ಕಟ್ಟದ ಬ್ಯಾಕ್ಟೀರಿಯಾ, ಬಿಸಿಗೂ ಒಣಗಿದ್ದಕ್ಕೂ ಬೇಗ ಸಾಯುತ್ತದೆ. ಟಾಲ್ಕ್ ಪುಡಿಯಲ್ಲಿ ಅದನ್ನು ತಯಾರಾದ ಮೂರು ನಾಲ್ಕು ತಿಂಗಳೊಳಗೆ ಬಳಸುವುದು ಕ್ಷೇಮ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಉಪಕಾರಿ ಬ್ಯಾಕ್ಟೀರಿಯಾ ಗಟ್ಟಿ ಬೀಜಕಣ ಕಟ್ಟುವುದರಿಂದ ತಾರಸಿಯ ಬಿಸಿಗೆ ಹೆಚ್ಚು ತಾಳುತ್ತದೆ. ಮುಂದಿನ ಸಲ ಕೊಳ್ಳುವಾಗ ನಾನಾದರೆ ಕುಂಡಗಳಿಗೆ ಅದನ್ನೇ ಆರಿಸುವಂತೆ ಹೇಳುತ್ತೇನೆ. ಹೆಸರಘಟ್ಟದ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಅನ್ನು ಎಷ್ಟೋ ಜನ ಟ್ರೈಕೋಡರ್ಮಾ ಎಂದೇ ತಿಳಿದಿರುತ್ತಾರೆ. ಅದು ಮುಖ್ಯವಾಗಿ ಸಾರಜನಕ, ರಂಜಕ, ಸತುವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಕೂಟ, ಒಂದರ ಬದಲಿಗೆ ಇನ್ನೊಂದಲ್ಲ.

ನೆಟ್ಟ ಮೇಲೆ ತಿಂಗಳಿಗೊಮ್ಮೆ, ಸಂಜೆ, ಲೀಟರ್ ನೀರಿಗೆ ಹತ್ತು ಗ್ರಾಂ ಟ್ರೈಕೋಡರ್ಮಾ ಕಲಸಿ ಚೀಲಕ್ಕೆ ಅರ್ಧ ಲೀಟರ್ ಹಾಕಿದರೆ ಸಾಕು. ಟಾಲ್ಕ್ ತಳಕ್ಕೆ ಇಳಿಯುವುದರಿಂದ ಪ್ರತಿ ಚೀಲಕ್ಕೆ ಸುರಿಯುವ ಮುಂಚೆ ಕದಡಿ, ಇಲ್ಲದಿದ್ದರೆ ಮೊದಲ ಚೀಲಗಳಿಗೆ ಬರೀ ನೀರು, ಕೊನೆಯದಕ್ಕೆ ಕೆಸರು. ಇದಕ್ಕಿಂತ ಒಳ್ಳೆಯದು ಎರಡು ತಿಂಗಳಿಗೊಮ್ಮೆ ಬೆಳೆಸಿದ ಗೊಬ್ಬರವನ್ನೇ ಎರಡು ಮುಷ್ಟಿ ಬುಡದ ಸುತ್ತ ಕೆದಕಿ ಸೇರಿಸಿ, ಮೇಲೆ ಒಣ ಎಲೆ ಮುಚ್ಚುವುದು. ಸಸಿಯನ್ನು ನೀವೇ ಎಬ್ಬಿಸುವುದಾದರೆ ಟ್ರೇಯ ಕೋಕೋಪೀಟ್‌ಗೆ ಕಿಲೋಗೆ ಹತ್ತು ಗ್ರಾಂ ಬೆರೆಸಿ, ಒದ್ದೆ ಮಾಡಿದ ಬೀಜಕ್ಕೂ ಒಂದು ಚಿಟಿಕೆ ಹಚ್ಚಿ ನೆರಳಲ್ಲಿ ಆರಿಸಿ. ಗುಲಾಬಿ ಬಣ್ಣ ಬಳಿದ ಬೀಜವಾದರೆ ಬೀಜಕ್ಕೆ ಹಚ್ಚುವುದು ವ್ಯರ್ಥ. ಆ ಬಣ್ಣದ ಜೊತೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಇರುತ್ತದೆ.

ಇನ್ನು ಕಾರ್ಬೆಂಡಜಿಮ್. ಅದನ್ನೂ ಟ್ರೈಕೋಡರ್ಮಾವನ್ನೂ ಒಂದೇ ಚೀಲಕ್ಕೆ ಹಾಕುವುದೆಂದರೆ ಒಂದು ಕೈಯಲ್ಲಿ ಬಿತ್ತಿ ಇನ್ನೊಂದು ಕೈಯಲ್ಲಿ ಕಿತ್ತಂತೆ. ಶಿಲೀಂಧ್ರನಾಶಕಗಳಲ್ಲಿ ಟ್ರೈಕೋಡರ್ಮಾವನ್ನು ತೀರಾ ಕೆಡಿಸುವುದು ಅದೇ. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದ ಬೇರು ಕೊಳೆ ತರುವ ಪಿಥಿಯಂ, ಫೈಟಾಫ್ಥೊರಾ ನಿಜವಾದ ಶಿಲೀಂಧ್ರಗಳೇ ಅಲ್ಲ, ಅವುಗಳ ಮೇಲೆ ಕಾರ್ಬೆಂಡಜಿಮ್ ಕೆಲಸ ಮಾಡುವುದಿಲ್ಲ. ಕಾವಲಿಗಿದ್ದದ್ದು ಸತ್ತು ಕಳ್ಳ ಉಳಿಯುತ್ತಾನೆ. ಆ ಜಾತಿಯ ಕೊಳೆಗೆ ಮದ್ದು ಬೇಕೇ ಆದರೆ ಮೆಟಲಾಕ್ಸಿಲ್ ಇದೆ. ಅದನ್ನು ಟ್ರೈಕೋಡರ್ಮಾ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಅದು ಹೆಚ್ಚಾಗಿ ಮ್ಯಾಂಕೋಜೆಬ್ ಜೊತೆ ಬೆರೆತೇ ಸಿಗುತ್ತದೆ, ಮ್ಯಾಂಕೋಜೆಬ್ ಅಷ್ಟು ಸೌಮ್ಯವಲ್ಲ. ತಾಮ್ರದ ಮದ್ದು, ಸ್ಟ್ರೆಪ್ಟೋಸೈಕ್ಲಿನ್ ಇವು ಬ್ಯಾಕ್ಟೀರಿಯಾ ಪುಡಿಗಳಿಗೆ ಆಗಿಬರುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಎಲ್ಲವನ್ನೂ ಸುಡುತ್ತದೆ. ಮಣ್ಣಿಗೆ ಯಾವುದೇ ಮದ್ದು ಸುರಿದ ಮೇಲೆ ಹದಿನೈದು ದಿನ ಬಿಟ್ಟು ಜೈವಿಕ ಗೊಬ್ಬರವನ್ನು ಹೊಸದಾಗಿ ಹಾಕಬೇಕು. ತಿನ್ನುವ ಗಿಡಗಳಾದ್ದರಿಂದ ತಿಂಗಳಿಗೊಮ್ಮೆ ಕಾರ್ಬೆಂಡಜಿಮ್ ಸುರಿಯುವ ಸಲಹೆಯನ್ನು ಹೇಗೂ ಒಪ್ಪಲಾಗದು.

ನೀವು ತಂದ ಪುಡಿ ಜೀವಂತವಾಗಿದೆಯೇ ಎನ್ನುವುದನ್ನೂ ನೋಡಿಕೊಳ್ಳಿ. ಲೇಬಲ್ ಮೇಲೆ ನೋಂದಣಿ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಇರಬೇಕು. ಆದರೂ ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಕೂತ ಪ್ಯಾಕೆಟ್ ದಿನಾಂಕಕ್ಕೆ ಮುಂಚೆಯೇ ಸತ್ತಿರಬಹುದು. ಮನೆಯಲ್ಲೇ ಒಂದು ಪರೀಕ್ಷೆ ಸಾಧ್ಯ. ಎರಡು ಗಾಜಿನ ಬಾಟಲಿಗಳಲ್ಲಿ ನೆನೆಸಿ ನೀರು ಬಸಿದ ಅಕ್ಕಿಯನ್ನು ಎರಡೆರಡು ಚಮಚ ಹಾಕಿ, ಬಾಯಿಗೆ ಹತ್ತಿ ತುರುಕಿ, ಕುಕ್ಕರ್‌ನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಪೂರ್ತಿ ಆರಲು ಬಿಡಿ. ಒಂದಕ್ಕೆ ಚಿಟಿಕೆ ಪುಡಿ ಉದುರಿಸಿ ಮತ್ತೆ ಹತ್ತಿ ಮುಚ್ಚಿ, ಇನ್ನೊಂದನ್ನು ಹಾಗೇ ಬಿಡಿ. ಮನೆಯೊಳಗಿನ ನೆರಳಲ್ಲಿ ಎರಡು ಮೂರು ದಿನಕ್ಕೆ ಅಕ್ಕಿಯ ಮೇಲೆ ಬಿಳಿ ಹತ್ತಿ, ಐದಾರು ದಿನಕ್ಕೆ ಗಾಢ ಹಸಿರು ಬಂದರೆ, ಪುಡಿ ಹಾಕದ ಬಾಟಲಿ ಚೊಕ್ಕಟವಾಗಿದ್ದರೆ, ಪ್ಯಾಕೆಟ್ ಚೆನ್ನಾಗಿದೆ. ಎರಡರಲ್ಲೂ ಬೂಸ್ಟು ಬಂದರೆ ಪರೀಕ್ಷೆ ಕೆಟ್ಟಿದೆ, ಮತ್ತೆ ಮಾಡಿ. ವಾರವಾದರೂ ಏನೂ ಬರದಿದ್ದರೆ ಆ ಪುಡಿಯಿಂದ ಏನೂ ನಿರೀಕ್ಷಿಸಬೇಡಿ. ಬಾಟಲಿಯನ್ನು ಒಳಗೆ ತೆರೆದು ಮೂಸಬೇಡಿ, ಬಿಸಿನೀರು ಸುರಿದು ಚೆಲ್ಲಿ.

ಎಲ್ಲ ಸರಿಯಾಗಿ ಮಾಡಿದರೂ ಇದು ರೋಗವನ್ನು ಕಡಿಮೆ ಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ನೀರು ನಿಂತ ಚೀಲದಲ್ಲಿ ಟ್ರೈಕೋಡರ್ಮಾ ಉಸಿರುಗಟ್ಟಿ ಸುಮ್ಮನಾಗುತ್ತದೆ, ಪಿಥಿಯಂ ಅದೇ ನೀರಿನಲ್ಲಿ ಈಜುವ ಕಣಗಳನ್ನು ಬಿಟ್ಟು ಬೇರಿನಿಂದ ಬೇರಿಗೆ ಹೋಗುತ್ತದೆ. ಮೂರು ಗಿಡ ಸತ್ತದ್ದು ಮಳೆಗಾಲದಲ್ಲಿ ಎನ್ನುವುದನ್ನು ನೋಡಿದರೆ ನಿಮ್ಮ ಚೀಲಗಳ ತಳದ ತೂತುಗಳ ಮೇಲೆಯೇ ಮೊದಲ ಅನುಮಾನ. ಚೀಲಗಳನ್ನು ತಾರಸಿ ನೆಲಕ್ಕೆ ತಾಗದಂತೆ ಇಟ್ಟಿಗೆ ಮೇಲೆ ಏರಿಸಿ, ಕೆಳಗಿನ ತಟ್ಟೆ ತೆಗೆಯಿರಿ, ಒಂದು ಲೀಟರ್ ನೀರು ಸುರಿದು ಒಂದೆರಡು ನಿಮಿಷದೊಳಗೆ ಕೆಳಗಿಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಮಿಶ್ರಣದಲ್ಲಿ ಕೆಮ್ಮಣ್ಣು ಕಡಿಮೆ ಮಾಡಿ ದಪ್ಪ ಮರಳು ಅಥವಾ ತೆಂಗಿನ ಸಿಪ್ಪೆಯ ಚೂರು ಸೇರಿಸಬೇಕು. ಏಪ್ರಿಲ್‌ನಲ್ಲಿ ಸಮಸ್ಯೆ ಉಲ್ಟಾ: ಕಪ್ಪು ಚೀಲದ ಬಿಸಿಲು ಬೀಳುವ ಪಕ್ಕ ನಲವತ್ತು ಡಿಗ್ರಿ ದಾಟುತ್ತದೆ. ಗೋಣಿ ಸುತ್ತುವುದೋ, ಚೀಲಗಳನ್ನು ಒತ್ತಾಗಿ ಜೋಡಿಸುವುದೋ ಮಾಡದಿದ್ದರೆ ಫೆಬ್ರುವರಿಯಲ್ಲಿ ಹಾಕಿದ್ದು ಮೇ ಹೊತ್ತಿಗೆ ಬಹಳಷ್ಟು ಕುಗ್ಗಿರುತ್ತದೆ. ಆದ್ದರಿಂದ ವರ್ಷದ ಮುಖ್ಯ ಹಾಕುವಿಕೆ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ ಇರಲಿ. ಅಂದರೆ ಗೊಬ್ಬರದ ರಾಶಿಯನ್ನು ಮೇ ಎರಡನೇ ವಾರದಲ್ಲೇ ಕಲಸಬೇಕು.

ಪ್ರಯೋಜನವಾಯಿತೇ ಎಂದು ತಿಳಿಯಲು ಹತ್ತರಲ್ಲಿ ಎರಡು ಚೀಲಕ್ಕೆ ಅದೇ ಗೊಬ್ಬರ, ಅದೇ ಹಿಂಡಿಯನ್ನು ಟ್ರೈಕೋಡರ್ಮಾ ಇಲ್ಲದೆ ಹಾಕಿ ಗುರುತು ಮಾಡಿ. ಬೇವಿನ ಹಿಂಡಿ ಮತ್ತು ಒಳ್ಳೆಯ ಗೊಬ್ಬರದಿಂದಲೇ ಗಿಡ ಚೇತರಿಸುವುದುಂಟು, ಆ ಹೆಸರನ್ನು ಪುಡಿ ಪಡೆದುಕೊಳ್ಳುತ್ತದೆ. ಎರಡು ಚೀಲದಿಂದ ಪಕ್ಕಾ ತೀರ್ಮಾನ ಬರುವುದಿಲ್ಲ, ಆದರೆ ಎರಡು ಮೂರು ಹಂಗಾಮು ಹೀಗೇ ನೋಡಿದರೆ ನಿಮ್ಮ ತಾರಸಿಯಲ್ಲಿ ಇದಕ್ಕೆ ದುಡ್ಡು ಹಾಕುವುದು ಸರಿಯೇ ಎಂದು ಗೊತ್ತಾಗುತ್ತದೆ.

ಒಂದು ಕಿಲೋದಲ್ಲಿ ಉಳಿಯುವ 750 ಗ್ರಾಂ ಅನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಣಗಿದ, ತಂಪಾದ, ಕತ್ತಲ ಜಾಗದಲ್ಲಿಡಿ, ಮಕ್ಕಳ ಕೈಗೆ ಸಿಗದಂತೆ. ಫ್ರೀಜರ್ ಬೇಡ, ತಾರಸಿಯ ಶೆಡ್ ಅಂತೂ ಬೇಡವೇ ಬೇಡ. ತಿಂಗಳಿಗೊಮ್ಮೆ ಹತ್ತು ಚೀಲಕ್ಕೆ ಐವತ್ತು ಗ್ರಾಂ ಖರ್ಚಾಗುತ್ತದೆ. ಅವಧಿ ಮುಗಿಯಲು ಒಂದು ತಿಂಗಳಿದ್ದಾಗ ಎಷ್ಟು ಉಳಿದಿದೆಯೋ ಅಷ್ಟನ್ನೂ ಮತ್ತೊಂದು ರಾಶಿ ಗೊಬ್ಬರಕ್ಕೆ ಬೆರೆಸಿಬಿಡಿ. ಮುಂದಿನ ಸಲ ಕಾಲು ಕಿಲೋದ ಪ್ಯಾಕೆಟ್ ಕೊಂಡರೆ ಸಾಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಇದ್ದರೆ ಅಂಗಡಿಯಲ್ಲಿ ಬಿಸಿಲು ಕಂಡದ್ದಕ್ಕಿಂತ ಹೊಸದು ಸಿಗುವ ಸಾಧ್ಯತೆ ಹೆಚ್ಚು.